ನಾಲ್ಕು ಸ್ಟಾರ್ ಕೊಟ್ಟರೆ ಏನಾಗುತ್ತದೆ?

(ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸಂಘದ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಕ್ಯಾಬ್ ಚಾಲಕರು, ಡೆಲಿವರಿ ಹುಡುಗರು ಕಂಪನಿಗೆ ಬರೆಯುವ ಮೇಲ್ಮನವಿಗಳಿಗೆ ನಾನು ನೆರವಾಗುತ್ತೇನೆ. ಅವರ ಭಾಷೆಯಲ್ಲಿ ಹೇಳಬೇಕೆಂದರೆ, ‘ಐಡಿ ಬ್ಲಾಕ್’ ಆದವರಿಗೆ ಅರ್ಜಿ ಬರೆದುಕೊಡುವ ಕೆಲಸ. ಹಾಗಾಗಿ ಸ್ಟಾರ್ ವಿಷಯದಲ್ಲಿ ನನಗೆ ಕಾಣುವುದು ಆ ಕಡೆಯ ಪರದೆ. ಇವತ್ತು ಅದನ್ನು ನಿಮಗೆ ಸ್ವಲ್ಪ ತೋರಿಸುತ್ತೇನೆ.

ನಾವೆಲ್ಲ ಅಂಕಪಟ್ಟಿ ನೋಡಿಕೊಂಡು ಬೆಳೆದವರು. 35 ಬಂದರೆ ಪಾಸು, 60 ಬಂದರೆ ಫಸ್ಟ್ ಕ್ಲಾಸ್, 80 ಬಂದರೆ ಮನೆಯಲ್ಲಿ ಸಿಹಿ. ಆ ಲೆಕ್ಕ ತಲೆಯಲ್ಲಿ ಇಟ್ಟುಕೊಂಡೇ ಸ್ಟಾರ್ ಒತ್ತುತ್ತೇವೆ. ಐದರಲ್ಲಿ ಮೂರು ಅಂದರೆ 60, ಪರವಾಗಿಲ್ಲ. ನಾಲ್ಕು ಅಂದರೆ 80, ಚೆನ್ನಾಗಿದೆ. ಐದು ಅಂದರೆ ನೂರಕ್ಕೆ ನೂರು, ಅದನ್ನು ಸುಮ್ಮನೆ ಯಾರಿಗಾದರೂ ಕೊಡುತ್ತಾರಾ?

ಆ್ಯಪ್ ಕಂಪನಿಗಳ ಲೆಕ್ಕವೇ ಬೇರೆ. ಅಲ್ಲಿ ಐದು ಅಂದರೆ ‘ತೊಂದರೆ ಏನೂ ಆಗಲಿಲ್ಲ’ ಎಂದಷ್ಟೇ ಅರ್ಥ. ನಾಲ್ಕು ಅಂದರೆ ‘ಏನೋ ಕೊರತೆ ಇತ್ತು’. ಮೂರು ಮತ್ತು ಅದಕ್ಕಿಂತ ಕೆಳಗಿನದು ದೂರು. ಇದು ಎಲ್ಲೂ ಬರೆದಿರುವ ನಿಯಮ ಅಲ್ಲ. ಗೆರೆ ಎಳೆದಿರುವ ಜಾಗದಿಂದ ತಾನಾಗಿ ಬಂದ ಅರ್ಥ. ಅಮೆರಿಕದಲ್ಲಿ ಊಬರ್ ಚಾಲಕರಿಗೆ 4.6 ಎಂಬ ಗೆರೆ ಇತ್ತು, ಅದಕ್ಕಿಂತ ಕೆಳಗೆ ಇಳಿದರೆ ಖಾತೆ ಹೋಗುವ ಅಪಾಯ ಇತ್ತು ಅನ್ನುವುದು ಹತ್ತು ವರ್ಷಗಳ ಹಿಂದೆಯೇ ಸುದ್ದಿಯಾಗಿತ್ತು. ಗೆರೆ ಊರಿನಿಂದ ಊರಿಗೆ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಲೆಕ್ಕ ತೋರಿಸಲು ಈ 4.6 ಅನ್ನೇ ಇಟ್ಟುಕೊಳ್ಳುತ್ತೇನೆ.

ಸರಾಸರಿ 4.6ರಲ್ಲೇ ನಿಲ್ಲಬೇಕು ಅಂದುಕೊಳ್ಳಿ. ಪ್ರತಿ ಐದು ಸ್ಟಾರ್ ಗೆರೆಗಿಂತ 0.4 ಮೇಲಿದೆ. ಒಂದು ಸ್ಟಾರ್ ಗೆರೆಗಿಂತ 3.6 ಕೆಳಗಿದೆ. ಅಂದರೆ ಒಬ್ಬರು ಕೊಟ್ಟ ಒಂದು ಸ್ಟಾರ್ ತುಂಬಲು ಒಂಬತ್ತು ಜನ ಐದು ಕೊಡಬೇಕು. ಒಂದು ಮೂರನ್ನು ತುಂಬಲು ನಾಲ್ಕು ಐದುಗಳು ಬೇಕು. ಇನ್ನು ನಾವು ಮನಸಾರೆ, ‘ಒಳ್ಳೆ ಹುಡುಗ’ ಅಂತ ಕೊಟ್ಟ ನಾಲ್ಕು ಸ್ಟಾರ್? ಅದೂ ಅವನನ್ನು ಕೆಳಕ್ಕೇ ಎಳೆಯುತ್ತದೆ. ಎರಡು ನಾಲ್ಕುಗಳನ್ನು ಸರಿದೂಗಿಸಲು ಮೂರು ಐದುಗಳು ಬೇಕು. ಎಲ್ಲ ಗಿರಾಕಿಗಳೂ ಖುಷಿಯಿಂದ ನಾಲ್ಕೇ ಕೊಟ್ಟರು ಅನ್ನಿ. ಎಲ್ಲರನ್ನೂ ಮೆಚ್ಚಿಸಿದ ಆ ಚಾಲಕನ ಸರಾಸರಿ 4.0 ಆಗುತ್ತದೆ, ಅವನು ಗೆರೆಯ ಕೆಳಗೆ ಇರುತ್ತಾನೆ.

ಈಗ ಅನುಭವ ಇರುವ ಚಾಲಕನನ್ನು ತೆಗೆದುಕೊಳ್ಳೋಣ. ಊಬರ್ ಚಾಲಕರ ರೇಟಿಂಗ್ ಅಂದರೆ ಸ್ಟಾರ್ ಸಿಕ್ಕ ಕೊನೆಯ 500 ಟ್ರಿಪ್‌ಗಳ ಸರಾಸರಿ. ಹೊಸದೊಂದು ಬಂದಾಗ ತೀರಾ ಹಳೆಯದೊಂದು ಹೊರಗೆ ಹೋಗುತ್ತದೆ. ಸರಾಸರಿ 4.80 ಇರುವ ಚಾಲಕನ ಬಳಿ 2,500ಕ್ಕೆ 2,400 ಸ್ಟಾರ್ ಇರುತ್ತವೆ. ಇವತ್ತು ಒಬ್ಬರು ಒಂದು ಸ್ಟಾರ್ ಕೊಟ್ಟರು, ಹೊರಗೆ ಹೋದದ್ದು ಐದು ಅನ್ನಿ. 2,396 ಉಳಿಯಿತು. ಸರಾಸರಿ 4.792. ಇಷ್ಟೇನಾ ಅನ್ನಿಸುತ್ತದೆ.

ಆದರೆ ಆ ಒಂದು ಸ್ಟಾರ್ ಅಲ್ಲೇ ಕೂತಿರುತ್ತದೆ. ನಾಳೆ ಅವನು ಎಷ್ಟೇ ಚೆನ್ನಾಗಿ ಓಡಿಸಿ ಐದು ಗಳಿಸಿದರೂ, ಆ ಐದು ಹೊರಗೆ ತಳ್ಳುವುದು ಸಾಮಾನ್ಯವಾಗಿ ಇನ್ನೊಂದು ಹಳೆಯ ಐದನ್ನು. ಸರಾಸರಿ ಅಲುಗಾಡುವುದಿಲ್ಲ. ಆ ಒಂದು ಸ್ಟಾರ್ ಹೊರಗೆ ಹೋಗಬೇಕಾದರೆ ಅದರ ನಂತರ 500 ಜನ ಸ್ಟಾರ್ ಕೊಡಬೇಕು. ಎಲ್ಲರೂ ಕೊಡುವುದಿಲ್ಲ, ಅಲ್ವಾ? ದಿನಕ್ಕೆ 12 ಟ್ರಿಪ್, ಮೂವರಲ್ಲಿ ಒಬ್ಬರು ಮಾತ್ರ ಸ್ಟಾರ್ ಒತ್ತುತ್ತಾರೆ ಅಂತ ಇಟ್ಟುಕೊಂಡರೆ ದಿನಕ್ಕೆ ನಾಲ್ಕು ಬರುತ್ತವೆ. 500 ಆಗಲು 125 ದಿನ ಬೇಕು. ಒಂದು ದಿನವೂ ರಜೆ ಇಲ್ಲದೆ ನಾಲ್ಕು ತಿಂಗಳು. ‘ಸಾರ್, ಅವತ್ತಿಂದ ಒಬ್ಬರ ಹತ್ತಿರವೂ ಮಾತು ಕೇಳಿಸಿಕೊಂಡಿಲ್ಲ, ಆದರೂ ರೇಟಿಂಗ್ ಏರ್ತಾನೇ ಇಲ್ಲ’ ಅಂತ ಚಾಲಕರು ಗೋಳಾಡುವುದು ಇದೇ ಕಾರಣಕ್ಕೆ.

ಹೊಸಬರ ಪಾಡು ಇದಕ್ಕೆ ಉಲ್ಟಾ. ಹತ್ತೇ ಜನ ಸ್ಟಾರ್ ಕೊಟ್ಟಿದ್ದಾರೆ, ಒಂಬತ್ತು ಐದು, ಒಂದು ಒಂದು. ಒಟ್ಟು 46, ಸರಾಸರಿ 4.6. ರಾಯಚೂರಿನಿಂದ ಬಂದು ಮೊದಲ ವಾರ ಬೆಂಗಳೂರಿನ ಒನ್‌ವೇಗಳಲ್ಲಿ ದಾರಿ ತಪ್ಪಿದ ಹುಡುಗ ಒಂದೇ ಗಿರಾಕಿಯಿಂದ ಗೆರೆಯ ಮೇಲೆ ಬಂದು ನಿಲ್ಲುತ್ತಾನೆ. ಅದೇ ಹಳೆಯ ಚಾಲಕ ಕುಡಿದು ಓಡಿಸಿದರೂ ಅವನ 4.80 ಇಳಿಯುವುದು 4.79ಕ್ಕೆ.

ಇದನ್ನು ಸ್ವಲ್ಪ ಗಮನಿಸಿ. ಸಣ್ಣ ತಪ್ಪಿಗೆ ಸ್ಟಾರ್ ತೀರಾ ಕಠಿಣ, ದೊಡ್ಡ ತಪ್ಪಿಗೆ ತೀರಾ ಮೆದು. ಕುಡಿದು ಓಡಿಸಿದ್ದು, ಹೆಣ್ಣುಮಕ್ಕಳ ಜೊತೆ ಕೆಟ್ಟದಾಗಿ ನಡೆದುಕೊಂಡದ್ದು, ಬೆದರಿಸಿ ಹಣ ಕೇಳಿದ್ದು, ಇಂಥದ್ದಕ್ಕೆಲ್ಲ ಒಂದು ಸ್ಟಾರ್ ಕೊಟ್ಟು ಸುಮ್ಮನಾದರೆ ಸರಾಸರಿಯೊಳಗೆ ಆ ದೂರು ಕರಗಿಹೋಗುತ್ತದೆ. ಅಲ್ಲಿ ಬೇಕಾದದ್ದು ಆ್ಯಪಿನ ಸುರಕ್ಷತಾ ವಿಭಾಗದಲ್ಲಿ ಬರೆದ ದೂರು. ತಕ್ಷಣದ ಅಪಾಯ ಇದ್ದರೆ 112. ನಾನು ಚಾಲಕರ ಪರ ಕೆಲಸ ಮಾಡುವವನಾದರೂ ಈ ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

ರೇಟಿಂಗ್ ಇಳಿದರೆ ಎಲ್ಲರ ಕೆಲಸವೂ ಮರುದಿನವೇ ಹೋಗುವುದಿಲ್ಲ. ಹೆಚ್ಚಾಗಿ ಆಗುವುದು ನಿಧಾನದ ನಷ್ಟ. ಕ್ಯಾಬಿನಲ್ಲಿ ಮೊದಲು ಎಚ್ಚರಿಕೆಯ ಸಂದೇಶ ಬರುತ್ತದೆ. ಡೆಲಿವರಿಯಲ್ಲಿ ಕೆಲವು ಕಂಪನಿಗಳು ರೈಡರ್‌ಗಳನ್ನು ದರ್ಜೆಗಳಾಗಿ ವಿಂಗಡಿಸುತ್ತವೆ. ಮೇಲಿನ ದರ್ಜೆಯವರಿಗೆ ವಾರದ ಸ್ಲಾಟ್‌ಗಳು ಮೊದಲು ತೆರೆಯುತ್ತವೆ. ರಾತ್ರಿ ಊಟದ ಹೊತ್ತು, ಶನಿವಾರ, ಭಾನುವಾರ ಅವರ ಪಾಲಾಗುತ್ತವೆ. ಕೆಳಗಿನವನು ಫೋನ್ ತೆರೆಯುವಷ್ಟರಲ್ಲಿ ಉಳಿದಿರುವುದು ಮಧ್ಯಾಹ್ನ ಮೂರು ಗಂಟೆಯ ಸ್ಲಾಟ್. ಅಷ್ಟು ಹೊತ್ತಿಗೆ ಯಾರು ಬಿರಿಯಾನಿ ತರಿಸುತ್ತಾರೆ? ಜೊತೆಗೆ ಎಷ್ಟು ಆರ್ಡರ್ ಒಪ್ಪಿಕೊಂಡ, ಎಷ್ಟು ರದ್ದು ಮಾಡಿದ, ಎಷ್ಟು ಗಂಟೆ ಲಾಗಿನ್ ಇದ್ದ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಅಂತ ರೈಡರ್‌ಗೆ ಹೇಳಿರುವುದಿಲ್ಲ. ಹಾಗಾಗಿ ಕಣ್ಣಿಗೆ ಕಾಣುವ ಒಂದೇ ಅಂಕಿಯ ಮೇಲೆ, ಅಂದರೆ ನಿಮ್ಮ ಸ್ಟಾರ್ ಮೇಲೆ, ಅವನ ಭಯ ಎಲ್ಲ ಬಂದು ಕೂರುತ್ತದೆ. ಬಾಗಿಲಲ್ಲಿ ನಿಂತು ‘ಮೇಡಂ, ಫೈವ್ ಸ್ಟಾರ್ ಕೊಡಿ’ ಅನ್ನುವುದು ಅದಕ್ಕೇ. ನಿಮಗೆ ಕಿರಿಕಿರಿ ಆಗುತ್ತದೆ, ಗೊತ್ತು.

ಈಗ ನಿಜವಾದ ಪ್ರಶ್ನೆಗೆ ಬರೋಣ. ಊಟ ತಡವಾಗಿ ಬಂತು. ಎಷ್ಟು ಸ್ಟಾರ್ ಕೊಡಬೇಕು?

ಒಂದು ಆರ್ಡರ್ ಕಲ್ಪಿಸಿಕೊಳ್ಳಿ. ಶುಕ್ರವಾರ ರಾತ್ರಿ 8:05ಕ್ಕೆ ನೀವು ಬಿರಿಯಾನಿ ಹೇಳಿದಿರಿ. 8:45ಕ್ಕೆ ಬರುತ್ತದೆ ಅಂತ ಆ್ಯಪ್ ತೋರಿಸಿತು. ಹೋಟೆಲಿನವರು 8:08ಕ್ಕೆ ಒಪ್ಪಿಕೊಂಡರು. 8:15ಕ್ಕೆ ಒಬ್ಬ ರೈಡರ್‌ಗೆ ಆರ್ಡರ್ ಹೋಯಿತು, 8:22ಕ್ಕೆ ಅವನು ಹೋಟೆಲ್ ಮುಂದೆ ಇದ್ದ. ಅಲ್ಲಿ ಅವನಂಥವರು ಇನ್ನೂ ಹತ್ತು ಮಂದಿ. ಪಾರ್ಸೆಲ್ ಕೈಗೆ ಬಂದದ್ದು 8:40ಕ್ಕೆ. ಅಷ್ಟರಲ್ಲಿ ಆ್ಯಪ್ ಅವನಿಗೆ ಅದೇ ಹೋಟೆಲಿನ ಇನ್ನೊಂದು ಆರ್ಡರ್ ಅಂಟಿಸಿತು. ಅದು ಸಿಗುವ ಹೊತ್ತಿಗೆ 8:46. ಆ ಮನೆಯೇ ಮೊದಲು ಅಂತ ನಕ್ಷೆ ಹೇಳಿತು, ಅಲ್ಲಿ ಕೊಟ್ಟದ್ದು 8:58ಕ್ಕೆ. ನಿಮ್ಮ ಗೇಟಿಗೆ ಬಂದದ್ದು 9:05ಕ್ಕೆ. ಸೆಕ್ಯುರಿಟಿಯವರು ಆ್ಯಪಿನಲ್ಲಿ ನಿಮ್ಮ ಒಪ್ಪಿಗೆ ಕೇಳಿದರು, ಫೋನ್ ಚಾರ್ಜಿಗೆ ಹಾಕಿ ನೀವು ಮ್ಯಾಚ್ ನೋಡುತ್ತಿದ್ದಿರಿ. ಆಮೇಲೆ ಗಾಡಿ ಹೊರಗೇ ನಿಲ್ಲಿಸಿ ‘ಸಿ’ ಬ್ಲಾಕ್ ಹುಡುಕಿ, ಸರ್ವಿಸ್ ಲಿಫ್ಟಿಗೆ ಕಾದು, ನಿಮ್ಮ ಬೆಲ್ ಒತ್ತಿದ್ದು 9:13ಕ್ಕೆ.

28 ನಿಮಿಷ ತಡ. ನಿಮಗೆ ಸಿಟ್ಟು ಬಂದಿದೆ, ಬರಬೇಕಾದದ್ದೇ. ಆದರೆ ಆ ಹುಡುಗ ಗಾಡಿ ಓಡಿಸಿದ್ದು ಒಟ್ಟು 26 ನಿಮಿಷ. 28 ನಿಮಿಷ ಉಳಿಸಲು ಅವನು ಹಾರಿಕೊಂಡೇ ಬರಬೇಕಿತ್ತು. ಹೋಟೆಲ್ ಮುಂದೆ ಹೋದ 18 ನಿಮಿಷ ಅಡುಗೆಮನೆಯದು. ಎರಡನೇ ಆರ್ಡರ್ ತಿಂದ ಹೊತ್ತು ಕಂಪನಿಯದು. ಗೇಟಿನಿಂದ ಬಾಗಿಲಿಗೆ ಹೋದ 8 ನಿಮಿಷ, ಬೇಸರ ಮಾಡಿಕೊಳ್ಳಬೇಡಿ, ನಮ್ಮದು. ಎಲ್ಲ ಸೇರಿ ಬಾಗಿಲು ತೆರೆದಾಗ ಎದುರಿಗೆ ಇರುವ ಮುಖ ಒಂದೇ. ಆ ಮುಖಕ್ಕೇ ಸ್ಟಾರ್ ಹೋಗುತ್ತದೆ.

ಇದೆಲ್ಲ ನಮಗೆ ಹೇಗೆ ಗೊತ್ತಾಗಬೇಕು ಅಂತೀರಿ. ಬಹಳಷ್ಟು ನಿಮ್ಮ ಫೋನಿನಲ್ಲೇ ಇರುತ್ತದೆ. ನಕ್ಷೆಯಲ್ಲಿ ಗಾಡಿಯ ಗುರುತು ಹೋಟೆಲ್ ಹತ್ತಿರ ನಿಂತೇ ಇದ್ದರೆ ಅವನು ಊಟಕ್ಕೆ ಕಾಯುತ್ತಿದ್ದಾನೆ. ಊಟ ಪಡೆದುಕೊಂಡ ಎಂಬ ಸಂದೇಶ ಎಷ್ಟು ಹೊತ್ತಿಗೆ ಬಂತು ಅಂತ ನೋಡಿ. ಅದಕ್ಕಿಂತ ಮುಂಚಿನ ತಡ ಅವನದಲ್ಲ. ಜೊತೆಗೆ ಇನ್ನೊಂದು ಆರ್ಡರ್ ಇದೆ ಅಂತ ಕೆಲವು ಆ್ಯಪ್‌ಗಳು ತಾವೇ ತಿಳಿಸುತ್ತವೆ. ಹೋಟೆಲೂ ಅಲ್ಲ, ಇನ್ನೊಂದು ಮನೆಯೂ ಅಲ್ಲ, ಎಲ್ಲೋ ನಡುವೆ ಹದಿನೈದು ನಿಮಿಷ ಗುರುತು ನಿಂತಿದ್ದರೆ ಫೋನ್ ಮಾಡಿ ಕೇಳಿ. ಪಂಕ್ಚರ್ ಇರಬಹುದು. ಚಹಾ ಕುಡಿಯಲು ನಿಂತಿದ್ದರೂ ಇರಬಹುದು, ಅದು ಅವನ ಲೆಕ್ಕ.

ಇನ್ನೊಂದು ವಿಷಯ. ಊಟದ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಎರಡು ಸ್ಟಾರ್ ಸಾಲು ಇರುತ್ತವೆ, ಒಂದು ಹೋಟೆಲಿಗೆ, ಒಂದು ತಂದುಕೊಟ್ಟವನಿಗೆ. ಅನ್ನ ಹಸಿಯಾಗಿತ್ತು ಅಂತ ಎರಡೂ ಸಾಲಿನಲ್ಲಿ ಎರಡೆರಡು ಒತ್ತುವವರು ಬೇಕಾದಷ್ಟು ಜನ. ಸಾಂಬಾರ್ ಚೆಲ್ಲಿತ್ತಾ? ಡಬ್ಬಿ ನೇರ ಇದ್ದು, ಸೀಲ್ ಹಾಗೇ ಇದ್ದು, ಮುಚ್ಚಳದ ಅಂಚಿನಿಂದ ಜಿನುಗಿದ್ದರೆ ಅದು ಪ್ಯಾಕಿಂಗ್ ತಪ್ಪು. ಡಬ್ಬಿ ಮಗುಚಿಕೊಂಡು ಬ್ಯಾಗ್ ಪೂರ್ತಿ ಒದ್ದೆಯಾಗಿದ್ದರೆ ಇಟ್ಟುಕೊಂಡು ಬಂದ ರೀತಿ ಸರಿ ಇರಲಿಲ್ಲ. ದಿನಸಿ ತರಿಸುವ ಆ್ಯಪ್‌ಗಳಲ್ಲಿ ಮೊಸರು ಬಂದಿಲ್ಲ ಅಂದರೆ ಅದು ಡಾರ್ಕ್ ಸ್ಟೋರಿನಲ್ಲಿ ಚೀಲ ತುಂಬಿದವರ ಕೈತಪ್ಪು. ರೈಡರ್‌ಗೆ ಸಿಗುವುದು ಕಟ್ಟಿದ ಚೀಲ. ಬರದ ವಸ್ತುವಿಗೆ ದೂರಿನ ಗುಂಡಿ ಬೇರೆ ಇದೆ, ಹಣ ವಾಪಸ್ ಬರುವುದೂ ಅಲ್ಲಿಂದಲೇ.

ಕ್ಯಾಬಿನ ವಿಷಯಕ್ಕೂ ಇದೇ ಅಳತೆ, ಅವನ ಕೈಯಲ್ಲಿ ಏನಿತ್ತು ಅನ್ನುವುದು. ಹೆಬ್ಬಾಳದಲ್ಲಿ ಅರ್ಧ ಗಂಟೆ ನಿಂತದ್ದು ಅವನ ಕೈಯಲ್ಲಿ ಇರಲಿಲ್ಲ. ಮಳೆ ಬಂದಾಗ ದರ ಏರಿದ್ದೂ ಇಲ್ಲ, ಸಾದಹಳ್ಳಿ ಟೋಲೂ ಇಲ್ಲ. ಲೊಕೇಶನ್ ಗುರುತು ರಸ್ತೆಯ ಆ ಕಡೆ ಬಿದ್ದು, ಅವನು ಯೂಟರ್ನ್ ಹುಡುಕಿಕೊಂಡು ಬಂದದ್ದೂ ಇಲ್ಲ. 2017ರಲ್ಲಿ ಊಬರ್ ಒಂದು ಬದಲಾವಣೆ ಮಾಡಿತು. ಐದಕ್ಕಿಂತ ಕಡಿಮೆ ಕೊಟ್ಟರೆ ಕಾರಣ ಆರಿಸಬೇಕು, ಆ ಕಾರಣ ಟ್ರಾಫಿಕ್‌ನಂಥ ಚಾಲಕನ ಕೈಮೀರಿದ ವಿಷಯವಾಗಿದ್ದರೆ ಆ ಸ್ಟಾರ್ ಸರಾಸರಿಗೆ ಸೇರುವುದಿಲ್ಲ. ಒಳ್ಳೆಯ ಏರ್ಪಾಡು. ಆದರೆ ಅದು ಕೆಲಸ ಮಾಡುವುದು ನಾವು ಸರಿಯಾದ ಕಾರಣ ಒತ್ತಿದರೆ ಮಾತ್ರ. ಇಳಿಯುವ ಅವಸರದಲ್ಲಿ ಕೈಗೆ ಸಿಕ್ಕ ಮೊದಲ ಕಾರಣ ಒತ್ತಿದರೆ ಟ್ರಾಫಿಕ್ ಮೇಲಿನ ಸಿಟ್ಟು ಅವನ ಚಾಲನೆಯ ಮೇಲಿನ ದೂರಾಗಿ ದಾಖಲಾಗುತ್ತದೆ.

ಓಡಿಸುವಾಗ ಫೋನಿನಲ್ಲಿ ಮಾತಾಡುವುದು, ಬ್ರೇಕ್ ಮೇಲೆ ಬ್ರೇಕ್ ಹಾಕುವುದು, ಹಿಂದಿನ ಸೀಟಿನ ಬೆಲ್ಟ್ ಸೀಟಿನಡಿ ಹೂತುಹೋಗಿರುವುದು, ಮನೆ ಇನ್ನೂ ಅರ್ಧ ಕಿಲೋಮೀಟರ್ ಇರುವಾಗಲೇ ಟ್ರಿಪ್ ಮುಗಿಸುವುದು, ಇವೆಲ್ಲ ಅವನ ಕೈಯಲ್ಲಿರುವುದು. ಇವಕ್ಕೆ ಕಡಿಮೆ ಸ್ಟಾರ್ ಕೊಡಿ, ಕಾರಣ ಬರೆಯಿರಿ. ನನ್ನ ಹತ್ತಿರ ಬರುವ ಚಾಲಕರಿಗೂ ನಾನು ಇದನ್ನೇ ಹೇಳುವುದು.

ಎಸಿ ವಿಷಯದಲ್ಲಿ ಜಗಳ ಜಾಸ್ತಿ. ಎಸಿ ಹಾಕಿದರೆ ಗ್ಯಾಸೋ ಡೀಸೆಲ್ಲೋ ಹೆಚ್ಚು ಹೋಗುತ್ತದೆ, ಆ ಖರ್ಚು ಚಾಲಕನದೇ. ಕಂಪನಿ ಕೊಡುವ ದುಡ್ಡಿನಲ್ಲಿ ಅದು ಗಿಟ್ಟುವುದಿಲ್ಲ ಅನ್ನುವುದು ಅವರ ವಾದ, ಅದರಲ್ಲಿ ಹುರುಳಿದೆ. ಆದರೂ ಎಸಿ ಕಾರಿಗೆ ಅಂತ ನೀವು ಹಣ ಕೊಟ್ಟಿದ್ದೀರಿ. ಹತ್ತಿದ ಕೂಡಲೇ ‘ಅಣ್ಣಾ, ಸ್ವಲ್ಪ ಎಸಿ ಹಾಕ್ತೀರಾ’ ಅಂತ ಕೇಳಿ. ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಕೇಳಿದ ಮೇಲೂ ಹಾಕಲಿಲ್ಲ ಅಂದರೆ ನಿಮ್ಮ ದೂರು ನ್ಯಾಯವಾದದ್ದೇ. ಕೇಳದೆ, ಬೆವರು ಒರೆಸಿಕೊಳ್ಳುತ್ತ ಮನೆ ಮುಟ್ಟಿ, ಆಮೇಲೆ ಎರಡು ಸ್ಟಾರ್ ಒತ್ತುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಅವನಿಗೆ ಯಾಕೆ ಅಂತಲೇ ತಿಳಿಯುವುದಿಲ್ಲ.

ಹಾಗೇ ‘ಎಲ್ಲಿಗೆ ಸಾರ್, ಕ್ಯಾಶಾ ಆನ್‌ಲೈನಾ’ ಅಂತ ಕೇಳಿ ರದ್ದು ಮಾಡುವವರು. ಅವರ ಮೇಲೆ ಸಿಟ್ಟು ಬರುವುದು ಸಹಜ. ಆದರೆ ರದ್ದಾದ ಟ್ರಿಪ್ಪಿಗೆ ಸ್ಟಾರ್ ಕೊಡುವ ಪುಟವೇ ಸಾಮಾನ್ಯವಾಗಿ ಬರುವುದಿಲ್ಲ. ಮೂವರು ಕೈಕೊಟ್ಟು ನಾಲ್ಕನೆಯವನು ಬಂದಿರುತ್ತಾನೆ. ನಮ್ಮ ಸಿಟ್ಟೆಲ್ಲ ಸೇರುವುದು ಆ ಬಂದವನಿಗೇ.

ಕಾನೂನಿನ ಬಗ್ಗೆ ಎರಡು ಮಾತು. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಕಾಯ್ದೆ ತಂದಿತು, ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಆಮೇಲೆ ಸೆಪ್ಟೆಂಬರ್‌ನಲ್ಲಿ ಕಾಯ್ದೆ. ಅದರ ಪ್ರಕಾರ ಕೆಲಸದಿಂದ ತೆಗೆಯಬೇಕಾದರೆ ಕಾರಣವನ್ನು ಬರಹದಲ್ಲಿ ಕೊಡಬೇಕು, 14 ದಿನ ಮುಂಚೆ ನೋಟಿಸ್ ಕೊಡಬೇಕು. ಜನರಿಗೆ ಅಪಾಯ ಮಾಡಿದಂಥ ಪ್ರಕರಣಕ್ಕೆ ವಿನಾಯಿತಿ ಇದೆ. ಗಿರಾಕಿಗಳ ಅಭಿಪ್ರಾಯ ತನ್ನ ಕೆಲಸದ ಮೇಲೆ ಹೇಗೆ ಪರಿಣಾಮ ಬೀರುತ್ತದೆ ಅಂತ ಕೇಳಿ ತಿಳಿದುಕೊಳ್ಳುವ ಹಕ್ಕೂ ಕಾರ್ಮಿಕನಿಗೆ ಇದೆ. ಇಲ್ಲಿ ನಿಮ್ಮ ಬರಹ ಕೆಲಸಕ್ಕೆ ಬರುತ್ತದೆ. ಬರೀ ‘ಎರಡು ಸ್ಟಾರ್’ ಅಂದರೆ ನಾನು ಅರ್ಜಿಯಲ್ಲಿ ಏನಂತ ಉತ್ತರ ಬರೆಯಲಿ? ‘ಸಿಗ್ನಲ್ ಹಾರಿಸಿದ’ ಅಂತ ಬರೆದಿದ್ದರೆ ಅವನು ಒಪ್ಪಬೇಕು ಅಥವಾ ನಿರಾಕರಿಸಬೇಕು. ಎರಡೂ ಕಡೆಯವರಿಗೆ ಅದು ಒಳ್ಳೆಯದು.

ಇನ್ನು ನಿಮ್ಮ ಪ್ರಶ್ನೆಗಳು.

*‘ಎಲ್ಲರಿಗೂ ಐದು ಕೊಡುತ್ತ ಹೋದರೆ ಆ ಐದಕ್ಕೆ ಬೆಲೆ ಏನು? ಅದಕ್ಕಿಂತ ಕೊಡದೇ ಇರುವುದು ವಾಸಿ ಅಲ್ವಾ?’*

ಅಲ್ಲ ಸಾರ್. ಸಿಟ್ಟು ಬಂದವರು ಮರೆಯದೆ ಸ್ಟಾರ್ ಒತ್ತುತ್ತಾರೆ. ಎಲ್ಲ ಸರಿ ಇದ್ದವರು ಫೋನ್ ಜೇಬಿಗೆ ಹಾಕಿ ಹೋಗಿಬಿಡುತ್ತಾರೆ. ಹಾಗಾಗಿ ಚಾಲಕನ ಸರಾಸರಿಯಲ್ಲಿ ಸಿಟ್ಟಿನವರ ಪಾಲು ಇರಬೇಕಾದದ್ದಕ್ಕಿಂತ ದೊಡ್ಡದಾಗುತ್ತದೆ. ಏನೂ ವಿಶೇಷ ಇಲ್ಲದ, ಸುಮ್ಮನೆ ಮನೆ ತಲುಪಿಸಿದ ಟ್ರಿಪ್ಪಿಗೆ ಐದು ಒತ್ತುವುದೇ ಹೆಚ್ಚು ಉಪಕಾರ. ನಿಜವಾಗಿ ಮೆಚ್ಚುಗೆಯಾದರೆ ಎರಡು ಸಾಲು ಬರೆಯಿರಿ, ಇಲ್ಲವೇ ಟಿಪ್ ಕೊಡಿ. ಒಂದು ಐದು ಸ್ಟಾರ್‌ನಿಂದ ನೇರವಾಗಿ ಒಂದು ರೂಪಾಯಿಯೂ ಬರುವುದಿಲ್ಲ.

*‘ನಾನು ಕಡಿಮೆ ಕೊಟ್ಟೆ ಅಂತ ಅವನಿಗೆ ಗೊತ್ತಾಗುತ್ತಾ? ಮನೆ ವಿಳಾಸ ಬೇರೆ ಗೊತ್ತಿದೆ.’*

ಈ ಭಯ ಮಹಿಳೆಯರು ಹೆಚ್ಚಾಗಿ ಹೇಳುತ್ತಾರೆ, ಅದು ಸುಳ್ಳು ಭಯ ಅಲ್ಲ. ಊಬರ್‌ನಂಥ ಕ್ಯಾಬ್ ಆ್ಯಪ್‌ನಲ್ಲಿ ಯಾರು ಎಷ್ಟು ಕೊಟ್ಟರು ಅಂತ ಚಾಲಕನಿಗೆ ತೋರಿಸುವುದಿಲ್ಲ. ಆದರೆ ಇವತ್ತು ಕೊಟ್ಟ ಊಟ ಒಂದೇ, ರೇಟಿಂಗ್ ಇಳಿದದ್ದೂ ಇವತ್ತೇ ಅಂದರೆ ಯಾರಾದರೂ ಊಹಿಸಬಹುದು. ಅನುಮಾನ ಇದ್ದರೆ ಆ ಕ್ಷಣವೇ ಒತ್ತಬೇಡಿ. ಒಂದೆರಡು ದಿನ ಬಿಟ್ಟು ಹಳೆಯ ಆರ್ಡರ್ ಪಟ್ಟಿಯಲ್ಲಿ ನೋಡಿ, ಅಲ್ಲಿ ಅವಕಾಶ ಇದ್ದರೆ ಆಗ ಕೊಡಿ. ಗಂಭೀರ ವಿಷಯ ಆದರೆ ಸ್ಟಾರ್ ಬಿಟ್ಟು ನೇರ ದೂರು ಕೊಡಿ.

*‘ಭಾಷೆ ಬರದ ಹುಡುಗರು ಬರುತ್ತಾರೆ. ವಿಳಾಸ ಹೇಳಿ ಹೇಳಿ ಸಾಕಾಗುತ್ತದೆ. ಅದಕ್ಕೆ ಕಡಿಮೆ ಕೊಟ್ಟರೆ ತಪ್ಪಾ?’*

ಕನ್ನಡ ಕಲಿಯಲಿ ಅನ್ನುವುದು ನನ್ನ ಆಸೆಯೂ ಹೌದು. ಸ್ಟಾರ್ ಅದನ್ನು ಕಲಿಸುವುದಿಲ್ಲ ಅಷ್ಟೇ. ಪರದೆಯ ಮೇಲೆ ಅದು ‘ಡೆಲಿವರಿ ಸರಿ ಇರಲಿಲ್ಲ’ ಅಂತ ಕಾಣುತ್ತದೆ, ಭಾಷೆಯ ಮಾತೇ ಅಲ್ಲಿ ಇರುವುದಿಲ್ಲ. ವಿಳಾಸದ ತೊಂದರೆಗೆ ಸುಲಭದ ದಾರಿ ಇದೆ. ಆ್ಯಪಿನಲ್ಲಿ ಗುರುತನ್ನು ಮುಖ್ಯ ಗೇಟಿನ ಮೇಲೆ ಸರಿಯಾಗಿ ಇಟ್ಟು, ಬ್ಲಾಕ್, ಮಹಡಿ, ಯಾವ ಲಿಫ್ಟ್ ಅಂತ ಸೂಚನೆಯ ಜಾಗದಲ್ಲಿ ಒಮ್ಮೆ ಬರೆದು ಉಳಿಸಿ. ಪ್ರತಿ ಸಲ ಫೋನಿನಲ್ಲಿ ಹೇಳುವುದು ತಪ್ಪುತ್ತದೆ.

*‘ಆ 8 ನಿಮಿಷ ನಮ್ಮದು ಅಂದಿರಲ್ಲ, ಅದಕ್ಕೆ ಏನು ಮಾಡುವುದು?’*

ಇದು ಕಾರ್ಯದರ್ಶಿಯವರೇ ಕೇಳಿದ ಪ್ರಶ್ನೆ. ಗೇಟಿನಲ್ಲಿ ಬ್ಲಾಕ್‌ಗಳ ನಕ್ಷೆಯ ಒಂದು ಫಲಕ ಇರಲಿ, ಇಂಗ್ಲಿಷ್ ಜೊತೆ ಕನ್ನಡದಲ್ಲೂ. ರಾತ್ರಿ ಎಂಟರಿಂದ ಹತ್ತರ ತನಕ ಡೆಲಿವರಿಯವರಿಗೆ ಎರಡೂ ಲಿಫ್ಟ್ ಬಿಡಿ. ಒಪ್ಪಿಗೆಗೆ ಒಂದು ನಿಮಿಷ ಉತ್ತರ ಬರದಿದ್ದರೆ ಸೆಕ್ಯುರಿಟಿಯವರು ಇಂಟರ್‌ಕಾಮಿನಲ್ಲಿ ಕರೆಯಲಿ. ಫಲಕಕ್ಕೆ ಸಭೆ ಅಲ್ಲೇ ಒಪ್ಪಿತು. ಲಿಫ್ಟಿನ ವಿಷಯಕ್ಕೆ ‘ಬಿ’ ಬ್ಲಾಕಿನ ಇಬ್ಬರು ಹಿರಿಯರು ತಕರಾರು ತೆಗೆದರು, ಅದನ್ನು ಮುಂದಿನ ತಿಂಗಳ ಸಭೆಗೆ ಇಟ್ಟಿದ್ದಾರೆ.